ಟ್ಯೂಬಿನ ಬಾಲದ ಕಪ್ಪು ಚೌಕ

ಆರೋಗ್ಯದಣ್ಣ ಎಂದು ತನಗೆ ತಾನೇ ಹೆಸರಿಟ್ಟುಕೊಂಡಿದ್ದ ಒಬ್ಬ ಮನುಷ್ಯ ತನ್ನ ಮನೆಯ ಬಚ್ಚಲಿನ ಕನ್ನಡಿಯೆದುರು ನಿಂತು ಟೂತ್‌ಪೇಸ್ಟಿನ ಟ್ಯೂಬೊಂದನ್ನು ತಲೆಕೆಳಗು ಮಾಡಿ ಹಿಡಿದ. ಟ್ಯೂಬಿನ ಬಾಲದ ಅಂಚಿನಲ್ಲಿದ್ದ ಸಣ್ಣ ಕಪ್ಪು ಚೌಕವನ್ನು ಉಗುರಿನಿಂದ ಕುಟ್ಟಿದ. "ನೋಡಿ ಬಂಧುಗಳೇ, ಇದು ಕಂಪನಿಗಳ ಗುಟ್ಟಿನ ಗುರುತು. ಹಸಿರಿದ್ರೆ ಪೂರ್ತಿ ನೈಸರ್ಗಿಕ. ನೀಲಿ ಇದ್ರೆ ಜೊತೆಗೆ ಔಷಧಿ. ಕೆಂಪಿದ್ರೆ ಅರ್ಧ ರಾಸಾಯನಿಕ. ಕಪ್ಪಿದ್ರೆ ಪೂರ್ತಿ ವಿಷ. ನಿಮ್ಮ ಮಕ್ಕಳ ಬಾಯಿಗೆ ಏನು ಹಾಕ್ತಾ ಇದೀರಿ, ಸ್ವಲ್ಪ ಯೋಚನೆ ಮಾಡಿ" ಎಂದ. ಯೋಚನೆ ಮಾಡುವುದಕ್ಕಿಂತ ಹಂಚುವುದು ಸುಲಭವಾದ್ದರಿಂದ ಜನ ಹಂಚಿದರು.

ಅಂಥ ಗುರುತು ಊರಿನ ಅಂಗಡಿಗಳಲ್ಲಿರುವ ಪ್ರತಿಯೊಂದು ಕಂಪನಿಯ ಟ್ಯೂಬಿನ ಮೇಲೂ ಇರುತ್ತದೆ. ಆರೋಗ್ಯದಣ್ಣನ ಕೈಗೆ ಸಿಕ್ಕಿದ್ದು ಈ ಕಥೆಯ ಕಂಪನಿಯದು, ಯಾಕೆಂದರೆ ಅವನ ಹೆಂಡತಿ ಕೊಳ್ಳುತ್ತಿದ್ದದ್ದು ಅದನ್ನೇ. ತಿಳಿ ಹಸಿರು ಬಣ್ಣದ ಟ್ಯೂಬು, ಅದರ ಮೇಲೆ ಬಿಳಿ ಅಕ್ಷರ, ಒಂದು ಕಡು ಹಸಿರು ಎಲೆಯ ಚಿತ್ರ. ವಿಡಿಯೋದಲ್ಲಿ ಹೆಸರು ಸ್ಪಷ್ಟವಾಗಿ ಕಾಣುತ್ತಿತ್ತು.

ಆ ಚೌಕ ಏನೆಂದು ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಜಮಾನರಿಗೆ ಗೊತ್ತಿತ್ತು, ಗೇಟಿನ ಕಾವಲುಗಾರನಿಗೂ ಗೊತ್ತಿತ್ತು. ಅದು ಯಂತ್ರಕ್ಕಾಗಿ ಇರುವ ಗುರುತು, ಓದುವವರಿಗಾಗಿ ಇರುವುದಲ್ಲ. ಇಷ್ಟನ್ನು ಹೇಳಿ ಮುಗಿಸಿದ್ದರೆ ಈ ಕಥೆಯೂ ಅಲ್ಲೇ ಮುಗಿಯುತ್ತಿತ್ತು. ಆದರೆ ಇಷ್ಟು ಹೇಳುವುದಕ್ಕೆ ಕಂಪನಿಗೆ ಒಂದು ಅಡ್ಡಿಯಿತ್ತು. ಆ ಅಡ್ಡಿಯ ಹೆಸರು ದೊಡ್ಡಕ್ಕ.

ದೊಡ್ಡಕ್ಕ ಯಜಮಾನರ ಒಡಹುಟ್ಟಿದ ಅಕ್ಕ, ಕಂಪನಿಯ ಅರ್ಧ ಪಾಲುದಾರರು. ಕಾರ್ಖಾನೆಗೆ ಬರುತ್ತಿರಲಿಲ್ಲ. ಅವರ ಕಾರ್ಯಕ್ಷೇತ್ರ ಮನೆತನದ ವಾಟ್ಸಾಪ್ ಗ್ರೂಪು. ಬೆಳಗ್ಗೆ ಎದ್ದವರೇ ಕನ್ನಡಕ ಹುಡುಕುವ ಮೊದಲು ಫೋನು ಹುಡುಕಿ, ಬಂದದ್ದನ್ನೆಲ್ಲ ಎಲ್ಲರಿಗೂ ಕಳಿಸಿಬಿಡುತ್ತಿದ್ದರು. ಬಂದದ್ದಕ್ಕೆಲ್ಲ ಮನೆಮಂದಿ ಕೈಮುಗಿಯುವ ಚಿತ್ರ ಹಾಕಬೇಕು. ಹಿಂದೊಮ್ಮೆ ಒಬ್ಬ ಸೋದರಳಿಯ "ಇದು ಸುಳ್ಳು ಸುದ್ದಿ ಅತ್ತೆ" ಎಂದು ಬರೆದುಬಿಟ್ಟಿದ್ದ. ದೊಡ್ಡಕ್ಕ ಅವನಿಗೆ ಒಂದು ಮಾತೂ ಹೇಳಲಿಲ್ಲ. ಬ್ಯಾಂಕಿನ ಕಾಗದಕ್ಕೆ ಸಹಿ ಹಾಕುವುದನ್ನು ಮಾತ್ರ ನಿಲ್ಲಿಸಿದರು. ಕೈ ನೋವು ಎಂದರು. ಆ ಕೈ ನೋವು ಗುಣವಾಗುವಷ್ಟರಲ್ಲಿ ಹೊಸ ಯಂತ್ರದ ಸಾಲ ಕೈತಪ್ಪಿ ಹೋಗಿತ್ತು. ಅಂದಿನಿಂದ ಗ್ರೂಪಿನಲ್ಲಿ ಮುಗಿದ ಕೈಗಳೇ.

ಆರೋಗ್ಯದಣ್ಣನ ವಿಡಿಯೋ ದೊಡ್ಡಕ್ಕನಿಗೂ ಬಂತು. ಕನ್ನಡಕ ಹಾಕಿಕೊಂಡಿರಲಿಲ್ಲ. "ನಮ್ಮವರೆಲ್ಲ ಎಚ್ಚರವಾಗಿರಿ" ಎಂದು ಬರೆದು ಕಳಿಸಿದರು. ಯಜಮಾನರು ಪೂರ್ತಿ ನೋಡದೆ ಕೈಮುಗಿದರು. ಅವರ ಹಿಂದೆ ಎಲ್ಲರೂ ಕೈಮುಗಿದರು. ಗ್ರೂಪಿನಲ್ಲಿದ್ದ ಯಾವುದೋ ಸೊಸೆ ಆ ಪುಟದ ಚಿತ್ರ ತೆಗೆದು ತನ್ನ ತವರಿಗೆ ಕಳಿಸಿದಳು, ತವರಿನವರು ಊರಿಗೆ ಹಂಚಿದರು. ಮಧ್ಯಾಹ್ನದೊಳಗೆ ವಿಡಿಯೋಗೆ ಹೊಸ ತಲೆಬರಹ ಬಂದಿತ್ತು: ‘ಕಂಪನಿ ಮಾಲೀಕರ ಅಕ್ಕನೇ ಎಚ್ಚರಿಸಿದ್ದಾರೆ. ಮಾಲೀಕರೂ ಕೈಮುಗಿದು ಒಪ್ಪಿಕೊಂಡಿದ್ದಾರೆ.’

ಸಭೆ ಸೇರಿತು. ಯಜಮಾನರ ಕೋಣೆಯಲ್ಲಿ ಅವರು, ಅವರ ಅಳಿಯ, ಪೇಜಮ್ಮ. ಅಳಿಯನಿಗೆ ಮಾರಾಟ ವಿಭಾಗದ ಮುಖ್ಯಸ್ಥನ ಹುದ್ದೆಯಿತ್ತು. ಮಗಳ ಮದುವೆಯ ಜೊತೆಗೇ ಬಂದದ್ದು. ಪೇಜಮ್ಮ ಎಂದರೆ ಕಂಪನಿಯ ಪೇಜುಗಳನ್ನು ನೋಡಿಕೊಳ್ಳುವ ಹುಡುಗಿ. ಇಪ್ಪತ್ತಾರರ ವಯಸ್ಸಿಗೆ ಅಮ್ಮ ಎನಿಸಿಕೊಂಡದ್ದು ಪ್ಯಾಕಿಂಗಿನ ಹೆಂಗಸರ ಕೃಪೆ. ಗಿರಾಕಿಗಳ ಬೈಗುಳಕ್ಕೆಲ್ಲ ಅವಳೇ ಉತ್ತರ ಬರೆಯಬೇಕು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕಾಯಂ ಮಾಡುವ ಪತ್ರ ಅಚ್ಚಾಗಿ ಅಳಿಯನ ಮೇಜಿನ ಮೇಲೆ ಸಹಿಗಾಗಿ ಕಾದಿತ್ತು. ಅದು ಕೈಗೆ ಬಂದ ದಿನ ಅಣ್ಣನ ಮನೆಯ ಹಾಲಿನಲ್ಲಿ ಮಡಿಸುವ ಮಂಚ ಮಡಿಸಿಟ್ಟು, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಬಾಡಿಗೆ ಕೋಣೆಗೆ ಹೋಗಬೇಕೆಂದು ಅವಳು ನಿರ್ಧರಿಸಿದ್ದಳು. ಕೋಣೆಯನ್ನು ನೋಡಿಯೂ ಬಂದಿದ್ದಳು. ಮನೆಯೊಡತಿ ಕೇಳಿದ್ದು ಒಂದೇ: "ಕೆಲಸ ಕಾಯಂ ಇದೆಯಾ?"

ಪೇಜಮ್ಮ ತಾನು ಬರೆದುಕೊಂಡು ಬಂದದ್ದನ್ನು ಓದಿದಳು. "‘ಟ್ಯೂಬಿನ ತುದಿಯಲ್ಲಿರುವ ಬಣ್ಣದ ಚೌಕ ಯಂತ್ರಕ್ಕೆ ದಿಕ್ಕು ತೋರಿಸುವ ಗುರುತು. ಟ್ಯೂಬಿನ ಬಾಯಿ ಮುಚ್ಚುವಾಗ ಹೆಸರು ಮುಂದಕ್ಕೆ ಬರಲಿ ಎಂದು ಇದನ್ನು ಅಚ್ಚು ಹಾಕುತ್ತಾರೆ. ಒಳಗಿನ ಪೇಸ್ಟಿಗೂ ಇದಕ್ಕೂ ಸಂಬಂಧವಿಲ್ಲ. ಬೇರೆ ಅರ್ಥ ಹೇಳುವ ವಿಡಿಯೋ ಸುಳ್ಳು. ನಿಮ್ಮ ಮನೆಯಲ್ಲಿರುವ ಯಾವ ಟ್ಯೂಬನ್ನಾದರೂ ತಿರುಗಿಸಿ ನೋಡಿ.’ ಇಷ್ಟೇ ಸರ್. ಮೊದಲು ಅಂಗಡಿಯವರಿಗೆ ಕಳಿಸೋಣ, ಗಿರಾಕಿ ಕೇಳೋದು ಅವರನ್ನೇ. ಜೊತೆಗೆ ಪೇಜಲ್ಲಿ ಹಾಕೋಣ. ಕೇಳಿದವರಿಗೆಲ್ಲ ಒಬ್ಬೊಬ್ಬರಿಗೂ ಉತ್ತರ ಕೊಡ್ತೀನಿ."

ಯಜಮಾನರು ಕನ್ನಡಕ ತೆಗೆದು ಒರೆಸಿದರು. "ಚೆನ್ನಾಗಿದೆಯಮ್ಮ. ಆದ್ರೆ ಆ ‘ಸುಳ್ಳು’ ಅನ್ನೋ ಮಾತು ಬೇಡ."

"ಸುಳ್ಳೇ ಅಲ್ವಾ ಸರ್?"

"ಸುಳ್ಳೇ. ಆದ್ರೆ ಅಕ್ಕ ಕಳಿಸಿರೋದು."

"ಹಾಗಾದ್ರೆ ‘ತಪ್ಪು ಮಾಹಿತಿ’ ಅಂತ ಹಾಕ್ಲಾ?"

"ಅಕ್ಕ ತಪ್ಪು ಮಾಹಿತಿ ಕಳಿಸ್ತಾಳಾ?" ಯಜಮಾನರು ಬಾಗಿಲ ಕಡೆ ನೋಡಿದರು, ಅಕ್ಕ ಅಲ್ಲೇ ನಿಂತಿರುವವರಂತೆ. "ಮುಂದಿನ ತಿಂಗಳು ಬ್ಯಾಂಕಿನ ಕಾಗದಕ್ಕೆ ಅವಳ ಸಹಿ ಬೇಕಮ್ಮ."

ಅಳಿಯ ಕುರ್ಚಿಯನ್ನು ಅರ್ಧ ಸುತ್ತು ತಿರುಗಿಸಿದ. ಕುರ್ಚಿ ತಿರುಗಿಸುವುದು ಅವನಿಗೆ ಯೋಚನೆ ಮಾಡಿದಂತೆ. "ಮಾವ, ನಾವು ವಿಡಿಯೋ ವಿಷಯಾನೇ ಎತ್ತಬಾರದು. ನಮ್ಮ ಮಾತು ನಾವು ಗಟ್ಟಿಯಾಗಿ ಹೇಳಬೇಕು. ದೊಡ್ಡ ಅಕ್ಷರದಲ್ಲಿ. ಪ್ರತಿ ಅಂಗಡಿಗೂ ಒಂದು ಪೋಸ್ಟರ್."

ಪೋಸ್ಟರು ಎರಡೇ ದಿನದಲ್ಲಿ ಬಂತು. ಕೆಂಪು ಹಿನ್ನೆಲೆಯ ಮೇಲೆ ಮೊಳದುದ್ದದ ಅಕ್ಷರ: ‘ನಮ್ಮ ಟೂತ್‌ಪೇಸ್ಟ್ ವಿಷವಲ್ಲ!’ ಕೆಳಗೆ ಟ್ಯೂಬಿನ ಚಿತ್ರ, ಅದರ ಕೆಳಗೆ ನಗುವ ಮಗು.

"ಸರ್, ಇದನ್ನ ನೋಡಿದವರಿಗೆ ನೆನಪಲ್ಲಿ ಉಳಿಯೋದು ಒಂದೇ ಮಾತು" ಎಂದಳು ಪೇಜಮ್ಮ.

"ಯಾವುದು?"

"ವಿಷ."

"ಅಲ್ಲ ಅಂತ ಇದೆಯಲ್ಲ."

"ಬಸ್ಸಿಂದ ನೋಡೋರು ‘ಅಲ್ಲ’ದವರೆಗೆ ಓದಲ್ಲ ಸರ್. ಅಷ್ಟೊತ್ತಿಗೆ ಬಸ್ಸು ಮುಂದೆ ಹೋಗಿರುತ್ತೆ."

ಅಳಿಯ ನಕ್ಕ. "ನಿನಗೆ ಮಾರ್ಕೆಟಿಂಗ್ ಗೊತ್ತಿಲ್ಲ ಬಿಡಮ್ಮ."

ಮೂಲೆಯ ಅಂಗಡಿಗಳಲ್ಲಿ ಪೋಸ್ಟರು ಏರಿತು. ಫೋನು ಇಲ್ಲದ ಮುದುಕರಿಗೂ, ಫೋನಿದ್ದೂ ವಿಡಿಯೋ ನೋಡದವರಿಗೂ ಕಂಪನಿಯೇ ಮುಂದೆ ನಿಂತು ಸುದ್ದಿ ಮುಟ್ಟಿಸಿತು. ಒಬ್ಬ ಅಂಗಡಿಯವ ಫೋನು ಮಾಡಿ, "ಅಲ್ಲ ತಾಯಿ, ಇಲ್ಲಿವರೆಗೆ ನಮ್ಮ ಬೀದಿಲಿ ಯಾರೂ ಕೇಳಿರ್ಲಿಲ್ಲ. ಈಗ ಬಂದವರೆಲ್ಲ ‘ಏನ್ರೀ, ಯಾಕೆ ವಿಷ ಅಲ್ಲ ಅಂತ ಬರ್ಕೊಂಡಿದ್ದಾರೆ, ಏನಾಯ್ತು?’ ಅಂತಾರೆ. ನಾನೇನು ಹೇಳ್ಲಿ? ಪಕ್ಕದ ಸೋಪಿನವರು ‘ನಮ್ಮ ಸೋಪು ಬಾಂಬಲ್ಲ’ ಅಂತ ಬರ್ಕೊಂಡಿಲ್ವಲ್ಲ!" ಎಂದು ಬೈದ. ಪೇಜಮ್ಮ ಅವನಿಗೆ ಕಪ್ಪು ಚೌಕದ ವಿಷಯ ಹೇಳಿದಳು. "ಓ, ಇಷ್ಟೇನಾ? ಇದನ್ನೇ ಬರೆದು ಕೊಡಬಾರದಾಗಿತ್ತಾ?" ಎಂದ ಅವನು. ಸೋಪಿನ ಪೊಟ್ಟಣದ ಮಡಿಕೆಯಲ್ಲೂ ಅಂಥದ್ದೇ ಗುರುತು ಕಂಡು ಅವನಿಗೆ ಖುಷಿಯಾಯಿತು.

ಅಳಿಯನಿಗೆ ಮುಂದಿನ ಯೋಚನೆ ಬಂತು: ಪ್ರಯೋಗಾಲಯದ ವರದಿ. ಪೇಸ್ಟಿನ ಪ್ರತಿ ಬ್ಯಾಚನ್ನೂ ಪರೀಕ್ಷೆ ಮಾಡಿಸುವುದು ಕಂಪನಿಯ ರೂಢಿ, ವರದಿ ಕೈಯಲ್ಲೇ ಇತ್ತು. "ಪುಟಪುಟಾನೂ ಹಾಕ್ಬಿಡು. ಪಾರದರ್ಶಕತೆ!" ಎಂದ.

"ಸರ್, ಜನ ಕೇಳ್ತಿರೋದು ಚೌಕದ ಬಗ್ಗೆ. ವರದೀಲಿ ಚೌಕ ಇಲ್ಲ."

"ಹಾಕಮ್ಮ ನೀನು."

ಹಾಕಿದಳು. ವರದಿಯಲ್ಲಿ ಒಂದು ಸಾಲು: ‘ಸೀಸ: ಪತ್ತೆಯಾಗಿಲ್ಲ.’ ಯಾರೋ ಪುಣ್ಯಾತ್ಮ ಆ ಪುಟದ ಚಿತ್ರ ತೆಗೆದು ‘ಸೀಸ’ ಎಂಬ ಮಾತಿಗೆ ಮಾತ್ರ ಕೆಂಪು ಸುತ್ತು ಹಾಕಿ, ‘ಪತ್ತೆಯಾಗಿಲ್ಲ’ವನ್ನು ಕತ್ತರಿಸಿ ಹಾಕಿದ. ಅಷ್ಟರವರೆಗೆ ಬರೀ ವಿಷವಿದ್ದ ಪೇಸ್ಟಿಗೆ ಈಗ ವಿಷದ ಹೆಸರೂ ಸಿಕ್ಕಿತು. ಪೇಜಮ್ಮ ಆರೋಗ್ಯದಣ್ಣನ ವಿಡಿಯೋ ಬಗ್ಗೆ ಜಾಲತಾಣದವರಿಗೆ ದೂರು ಕೊಟ್ಟಳು. ‘ನಿಮ್ಮ ದೂರನ್ನು ಪರಿಶೀಲಿಸಿದ್ದೇವೆ. ಈ ವಿಡಿಯೋ ನಮ್ಮ ನಿಯಮಗಳನ್ನು ಮೀರಿಲ್ಲ’ ಎಂಬ ಉತ್ತರ, ಓದಿ ಮುಗಿಸುವಷ್ಟು ಹೊತ್ತೂ ಪರಿಶೀಲಿಸಿರಲಾರದ ವೇಗದಲ್ಲಿ ಬಂತು. ಸುಳ್ಳು ಸುದ್ದಿ ಬಯಲು ಮಾಡುವ ತಂಡವೊಂದಕ್ಕೆ ಬರೆದಳು. ಅವರು ತಮ್ಮ ಪಾಡಿಗೆ ಬೇರೆ ತಯಾರಕರನ್ನೂ ದಂತವೈದ್ಯರನ್ನೂ ಕೇಳಿ, ಆರೋಗ್ಯದಣ್ಣನ ಮಾತು ಸುಳ್ಳು ಎಂದು ಒಳ್ಳೆಯ ಲೇಖನ ಪ್ರಕಟಿಸಿದರು. ಅದನ್ನು ಓದಿದವರು ಮೊದಲೇ ನಂಬದಿದ್ದವರು. ಆ ಲೇಖನದ ಕೊಂಡಿಯನ್ನು ಕಂಪನಿಯ ಪೇಜಿನಲ್ಲಿ ಹಾಕಲು ಅಪ್ಪಣೆ ಸಿಗಲಿಲ್ಲ. ಅದರ ತಲೆಬರಹದಲ್ಲೇ ‘ಸುಳ್ಳು’ ಇತ್ತು.

ಆರೋಗ್ಯದಣ್ಣನಿಗೂ ನೇರವಾಗಿ ಬರೆದಳು, ಕಾರ್ಖಾನೆಗೆ ಬಂದು ನೋಡಿ ಎಂದು ಕರೆದಳು. ಅವನು ಆ ಕಾಗದವನ್ನೇ ಓದಿ ಇನ್ನೊಂದು ವಿಡಿಯೋ ಮಾಡಿದ: "ನನ್ನನ್ನ ಕೊಂಡುಕೊಳ್ಳೋಕೆ ನೋಡ್ತಿದ್ದಾರೆ ಬಂಧುಗಳೇ!"

ಮನೆಯಲ್ಲಿ ಅತ್ತಿಗೆ ಬಾಗಿಲು ತೆರೆದವಳೇ ಮೂಗು ಮುರಿದಳು. "ಏನೇ, ಬಂತಾ ನಿನ್ನ ಕಾಯಂ ಕಾಗದ?"

"ಬರುತ್ತೆ ಅತ್ತಿಗೆ."

"ಕಂಪನಿನೇ ಕಾಯಂ ಇರೋ ಹಾಗೆ ಕಾಣಲ್ಲ. ಅಂದ ಹಾಗೆ, ನೀನು ತಂದಿಟ್ಟಿದ್ದ ಪೇಸ್ಟೆಲ್ಲ ಆಚೆ ಎಸೆದೆ. ಮಕ್ಕಳಿರೋ ಮನೆ."

ಪೇಜಮ್ಮ ಕನ್ನಡಿಯ ಮುಂದಿದ್ದ ಅತ್ತಿಗೆಯ ಮುಖದ ಕ್ರೀಮಿನ ಟ್ಯೂಬು ತಂದು ಬಾಲ ತೋರಿಸಿದಳು. ಅಲ್ಲೊಂದು ಚೌಕ, ಕಪ್ಪಗೆ.

"ನೋಡಿ. ಇದು ಮಿಷಿನ್‌ಗೆ ಗುರುತು ಅಷ್ಟೇ. ಎಲ್ಲದರಲ್ಲೂ ಇರುತ್ತೆ."

ಅತ್ತಿಗೆ ಟ್ಯೂಬನ್ನು ದೀಪಕ್ಕೆ ಹಿಡಿದು ನೋಡಿದಳು. ಮುಖ ಸಪ್ಪಗಾಯಿತು. "ಅಯ್ಯೋ ದೇವರೇ, ಇದ್ರಲ್ಲೂ ವಿಷಾನಾ? ರೀ, ಇಲ್ಲಿ ಬನ್ರೀ!"

ಅಣ್ಣ ಬಂದು ನೋಡಿದ. ಕ್ರೀಮು ಕಸದ ಬುಟ್ಟಿಗೆ ಹೋಯಿತು. ಮಾತಿನಿಂದ ಆಗುವ ಕೆಲಸವಲ್ಲ ಇದು ಎಂದು ಮಡಿಸುವ ಮಂಚ ಬಿಡಿಸುತ್ತ ಪೇಜಮ್ಮನಿಗೆ ಅನಿಸಿತು. ಗುರುತು ಕೆಲಸ ಮಾಡುವುದನ್ನು ಕಣ್ಣಿಗೆ ತೋರಿಸಬೇಕು.

ಮರುದಿನ ಬೆಳಗ್ಗೆ ನೇರವಾಗಿ ಟ್ಯೂಬು ತುಂಬುವ ಯಂತ್ರದ ಹತ್ತಿರ ಹೋದಳು. ಯಂತ್ರದ ಮೇಸ್ತ್ರಿಗೆ ತನ್ನ ಮೇಲೆ ಬಹಳ ಅಭಿಮಾನ. ಯಂತ್ರ ಓಡಿದರೆ ತನ್ನಿಂದ, ನಿಂತರೆ ಕರೆಂಟಿನಿಂದ ಎಂದು ನಂಬಿದವನು.

"ಏನಮ್ಮ ಪೇಜಮ್ಮ, ಇತ್ತ ಕಡೆ ಬಂದೆ? ನಮ್ಮದೂ ಫೋಟೋ ಹಿಡೀತೀಯಾ?"

"ಹಿಡೀತೀನಿ ಮೇಸ್ತ್ರಿ. ಗುರುತನ್ನ ಮಿಷಿನ್ ಹೇಗೆ ನೋಡುತ್ತೆ ಅಂತ ತೋರಿಸಿ."

"ಅದರಲ್ಲೇನಿದೆ ತೋರಿಸೋಕೆ! ಮಕ್ಕಳಿಗೂ ಗೊತ್ತು" ಎಂದವನು ತಲೆ ಬಾಚಿಕೊಂಡು ಬಂದ.

ದುಂಡನೆಯ ತಟ್ಟೆಯ ಸುತ್ತ ತೂತುಗಳು. ಪ್ರತಿ ತೂತಿನಲ್ಲೂ ಒಂದೊಂದು ಖಾಲಿ ಟ್ಯೂಬು ಮುಚ್ಚಳ ಕೆಳಗೆ ಮಾಡಿ ನಿಲ್ಲುತ್ತದೆ, ತೆರೆದ ಬಾಲ ಮೇಲೆ. ತಟ್ಟೆ ಒಂದು ಹೆಜ್ಜೆ ಸರಿದಾಗ ಟ್ಯೂಬು ಬೆಳಕಿನ ಕಣ್ಣಿನ ಮುಂದೆ ಬಂದು ಗಿರ್ರನೆ ತಿರುಗುತ್ತದೆ. ಕಣ್ಣು ಬಿಡುವ ಬೆಳಕು ತಿಳಿ ಬಣ್ಣದ ಮೇಲೆ ಬಿದ್ದು ವಾಪಸ್ಸು ಬರುತ್ತಿರುತ್ತದೆ. ಕಪ್ಪು ಚೌಕ ಎದುರಾದೊಡನೆ ಬೆಳಕು ಕುಗ್ಗುತ್ತದೆ, ತಿರುಗುವುದು ಅಲ್ಲೇ ನಿಲ್ಲುತ್ತದೆ. ಈಗ ಹೆಸರಿನ ಮುಖ ಮುಂದೆ. ಮುಂದಿನ ಹೆಜ್ಜೆಗೆ ಪೇಸ್ಟು ತುಂಬುತ್ತದೆ, ಅದರ ಮುಂದಿನದಕ್ಕೆ ಬಿಸಿಯಾದ ಇಕ್ಕಳ ಬಾಲವನ್ನು ಒತ್ತಿ ಮುಚ್ಚುತ್ತದೆ. ಪೇಜಮ್ಮ ಇದನ್ನೆಲ್ಲ ಹತ್ತಿರದಿಂದ ಹಿಡಿದಳು. ನಡುವೆ ಮೇಸ್ತ್ರಿ ಒಂದು ಟ್ಯೂಬಿನ ಚೌಕದ ಮೇಲೆ ಹಸಿರು ಟೇಪು ಅಂಟಿಸಿ ಬಿಟ್ಟ. ಅದು ನಿಲ್ಲದೆ ಬುಗುರಿಯಂತೆ ತಿರುಗಿತು, ಯಂತ್ರ ಕೂಗಿಕೊಂಡು ನಿಂತಿತು. "ನೋಡಿದ್ಯಾ? ಕಣ್ಣು ಕಟ್ಟಿದ ಹಾಗೆ ಆಗುತ್ತೆ ಅದಕ್ಕೆ" ಎಂದ.

ವಿಡಿಯೋ ಒಂದೇ ನಿಮಿಷದ್ದು. ಅದರಲ್ಲಿ ಎಲ್ಲೂ ‘ಸುಳ್ಳು’ ಇರಲಿಲ್ಲ, ‘ವಿಷ’ವೂ ಇರಲಿಲ್ಲ. ಇದಕ್ಕಾದರೂ ಒಪ್ಪುತ್ತಾರೆ ಎಂದುಕೊಂಡು ಅಳಿಯನಿಗೆ ತೋರಿಸಿದಳು. ಅವನು ಕುರ್ಚಿಯನ್ನು ಪೂರ್ತಿ ಒಂದು ಸುತ್ತು ತಿರುಗಿಸಿದ.

"ಇದೆಲ್ಲ ಈಗ ಬೇಡ. ನಾನು ಸಮಸ್ಯೇನ ಬುಡದಲ್ಲೇ ಕಿತ್ತುಹಾಕಿದೀನಿ. ಜನ ಏನಂತಾರೆ? ಹಸಿರು ನೈಸರ್ಗಿಕ. ಅಲ್ವಾ? ಗುರುತನ್ನ ಹಸಿರು ಮಾಡ್ಸಿದೆ. ಟ್ಯೂಬು ಅಚ್ಚು ಹಾಕೋರ ಹತ್ತಿರ ಅರ್ಜೆಂಟಲ್ಲಿ ಒಂದು ಲೋಡು ಮಾಡ್ಸಿದೀನಿ, ನಾಳಿದ್ದು ಬರುತ್ತೆ."

ಪೇಜಮ್ಮ ಫೋನು ಕೆಳಗಿಟ್ಟಳು. "ಸರ್, ಹಸಿರು ಮಾಡಿದ್ರೆ ಆ ಮನುಷ್ಯ ಹೇಳಿದ್ದು ನಿಜ ಅಂತ ನಾವೇ ಮುದ್ರೆ ಒತ್ತಿದ ಹಾಗಲ್ವಾ?"

"ನಾವು ಯಾರಿಗೂ ಏನೂ ಹೇಳ್ತಿಲ್ಲವಲ್ಲ. ಬಣ್ಣ ನಮ್ಮಿಷ್ಟ."

"ಟ್ಯೂಬೂ ಹಸಿರು ಸರ್. ಹಸಿರಿನ ಮೇಲೆ ಹಸಿರು ಮಿಷಿನ್‌ಗೆ ಕಾಣಲ್ಲ."

ಅಳಿಯ ಮೇಸ್ತ್ರಿಯನ್ನು ಕರೆಸಿದ. ಹಿಂದಿನ ದಿನ ತಾನೇ ಹಸಿರು ಟೇಪು ಅಂಟಿಸಿ ಯಂತ್ರ ನಿಲ್ಲಿಸಿದ್ದ ಮೇಸ್ತ್ರಿ, ಯಜಮಾನರ ಅಳಿಯ ಬೆನ್ನು ತಟ್ಟಿ "ನಿಮ್ಮ ಕೈಲಿ ಆಗದ್ದು ಇದೆಯಾ ಮೇಸ್ತ್ರಿ?" ಎಂದು ಕೇಳಿದ ಕೂಡಲೇ ಎದೆ ಸೆಟೆಸಿದ. "ಗುರುತು ಸ್ವಲ್ಪ ಕಡು ಹಸಿರಿದ್ರೆ ಆಯ್ತು ಸರ್. ಓಡಿಸ್ತೀನಿ. ಇಂಥ ಎಷ್ಟು ಮಿಷಿನ್ ನೋಡಿಲ್ಲ ನಾನು!"

ಹಸಿರು ಗುರುತಿನ ಟ್ಯೂಬು ಬಂತು. ಯಂತ್ರ ಗುರುತು ಕಾಣದೆ ಹೆಜ್ಜೆಹೆಜ್ಜೆಗೂ ಕೂಗಿಕೊಂಡು ನಿಂತಿತು. ಮೇಸ್ತ್ರಿ ಯಂತ್ರದ ಕಣ್ಣನ್ನು ಚುರುಕು ಮಾಡಿದ. ಆಗ ಅದು ಟ್ಯೂಬಿನ ಮೇಲಿದ್ದ ಕಡು ಹಸಿರು ಎಲೆಯನ್ನೇ ಗುರುತೆಂದು ತಿಳಿದು ನಿಲ್ಲತೊಡಗಿತು. ಆದರೂ ಕೆಲವಕ್ಕೆ ಕೂಗುತ್ತಿತ್ತು. ಮಾತು ಕೊಟ್ಟಾಗಿದೆಯಲ್ಲ, ಮೇಸ್ತ್ರಿ ಆ ಕೂಗನ್ನೇ ಬಂದ್ ಮಾಡಿದ. ಯಂತ್ರ ಸುಸೂತ್ರವಾಗಿ ಓಡಿತು. ಟ್ಯೂಬುಗಳೆಲ್ಲ ಮನಸ್ಸಿಗೆ ಬಂದ ಕಡೆ ಮುಖ ಮಾಡಿ ಮುಚ್ಚಿಕೊಂಡವು. ಕೊನೆಯಲ್ಲಿ ರಟ್ಟಿನ ಡಬ್ಬಿಗೆ ತುಂಬುವ ಹೆಂಗಸರು ನೋಡಿ ಹೇಳಿದರು. "ಅರ್ಜೆಂಟ್ ಇದೆ, ಕಳಿಸ್ರಿ. ಡಬ್ಬಿ ಒಳಗೆ ಯಾರು ನೋಡ್ತಾರೆ?" ಎಂದ ಅಳಿಯ.

ಕೊಂಡವರು ನೋಡಿದರು. ಹೆಸರು ಪಕ್ಕಕ್ಕೆ ಹೋಗಿತ್ತು, ಕೆಲವುಗಳಲ್ಲಿ ಬೆನ್ನಿಗೆ. ಮುಂದೆ ನೆಟ್ಟಗೆ, ನಡುಮಧ್ಯದಲ್ಲಿ ಕಾಣುತ್ತಿದ್ದದ್ದು ಪದಾರ್ಥಗಳ ಪಟ್ಟಿ: ಸೋಡಿಯಂ ಲಾರಿಲ್ ಸಲ್ಫೇಟು, ಅದರ ಬಂಧುಬಳಗ. ಆರೋಗ್ಯದಣ್ಣ ಬಚ್ಚಲಿಗೆ ಮರಳಿದ. "ನೋಡಿ! ನಾನು ಹೇಳಿದ ಮೇಲೆ ಬಣ್ಣ ಬದಲಾಯಿಸಿದ್ರು. ಈಗ ರಾಸಾಯನಿಕಗಳ ಹೆಸರನ್ನ ಮುಂದೆ ತಂದು ಹಾಕಿ ತಪ್ಪು ಒಪ್ಪಿಕೊಂಡಿದ್ದಾರೆ. ಇದು ನಮ್ಮೆಲ್ಲರ ಗೆಲುವು!" ದೊಡ್ಡಕ್ಕ ಅದನ್ನೂ ಕಳಿಸಿದರು. ಎಲ್ಲರೂ ಕೈಮುಗಿದರು.

ಅಂಗಡಿಗಳಿಂದ ಮಾಲು ವಾಪಸ್ಸು ಬರತೊಡಗಿತು. ಯಾರದಾದರೂ ತಪ್ಪು ಎಂದಾಗಬೇಕಿತ್ತು. ಬಣ್ಣ ಅಳಿಯನ ತೀರ್ಮಾನ, ಹಾಗಾಗಿ ಬಣ್ಣದ್ದು ತಪ್ಪಲ್ಲ. ಯಂತ್ರ ಓಡಿತ್ತು, ಹಾಗಾಗಿ ಮೇಸ್ತ್ರಿಯದ್ದೂ ಅಲ್ಲ. "ಪೇಜ್ ನೋಡ್ಕೊಳ್ಳೋರು ಮೊದಲೇ ಸರಿಯಾಗಿ ಉತ್ತರ ಕೊಟ್ಟಿದ್ರೆ ಇಷ್ಟು ದೂರ ಬರ್ತಾನೇ ಇರ್ಲಿಲ್ಲ ಮಾವ" ಎಂದು ಅಳಿಯ ಹೇಳಿದ್ದು ಪಕ್ಕದ ಕೋಣೆಯಲ್ಲಿದ್ದ ಪೇಜಮ್ಮನಿಗೆ ಸ್ಪಷ್ಟವಾಗಿ ಕೇಳಿಸಿತು. ಕಾಯಂ ಪತ್ರ ಅವನ ಮೇಜಿನಿಂದ ಮೇಜಿನ ಖಾನೆಗೆ ಇಳಿದದ್ದೂ ಗಾಜಿನಾಚೆ ಕಾಣಿಸಿತು.

ಕೋಣೆ ಹೋಯಿತು ಎಂದು ಪೇಜಮ್ಮನಿಗೆ ಖಾತ್ರಿಯಾಯಿತು. ಚಿಲಕವೂ ಹೋಯಿತು. ಹೇಗೂ ಹೋಗುವುದಾದರೆ ಒಂದು ಸರಿಯಾದ ಉತ್ತರ ಕೊಟ್ಟು ಹೋಗೋಣ ಎಂದು ಅವಳಿಗೆ ಅನಿಸಿದ್ದು ಧೈರ್ಯದಿಂದಲ್ಲ, ಸಿಟ್ಟಿನಿಂದ. ಯಾರನ್ನೂ ಕೇಳದೆ ಯಂತ್ರದ ವಿಡಿಯೋವನ್ನು ಪೇಜಿಗೆ ಹಾಕಿದಳು. ಅಂಗಡಿಯವರ ಗ್ರೂಪುಗಳಿಗೂ ಕಳಿಸಿದಳು.

ಜನ ನೋಡಿದರು. ಟ್ಯೂಬು ಗಿರ್ರನೆ ತಿರುಗಿ ಟಕ್ಕೆಂದು ನಿಲ್ಲುವುದರಲ್ಲಿ ಏನೋ ಒಂದು ಸೊಗಸಿತ್ತು, ಮಕ್ಕಳು ಮತ್ತೆಮತ್ತೆ ಹಾಕಿಸಿಕೊಂಡು ನೋಡಿದರು. ಸೋಪಿನ ಮಾತೆತ್ತಿ ಬೈದಿದ್ದ ಅಂಗಡಿಯವ ತನ್ನ ಗಿರಾಕಿಗಳಿಗೆಲ್ಲ ತೋರಿಸಿದ. ಬೇರೆ ಪೇಸ್ಟು ಕಂಪನಿಯವರೂ ಹಂಚಿಕೊಂಡರು, ಅವರಿಗೂ ಚೌಕವಿದೆಯಲ್ಲ. ಮೇಸ್ತ್ರಿ ತನ್ನ ಬಾಚಿದ ತಲೆ ಕಾಣುವ ಜಾಗದಲ್ಲಿ ನಿಲ್ಲಿಸಿ ಎಲ್ಲರಿಗೂ ತೋರಿಸುತ್ತ ತಿರುಗಿದ. ಆಗ ಒಬ್ಬ ಹೆಂಗಸು ಕೇಳಿದಳು: ‘ವಿಡಿಯೋ ಚೆನ್ನಾಗಿದೆ. ಚೌಕಕ್ಕೆ ಅರ್ಥವೇ ಇಲ್ಲದಿದ್ದರೆ ಹಸಿರು ಯಾಕೆ ಮಾಡಿದಿರಿ?’

ಪ್ರಶ್ನೆ ಸರಿಯಾಗಿತ್ತು. ಅದರ ಕೆಳಗೆ ಜನ ಉತ್ತರಕ್ಕಾಗಿ ಗುಂಪುಗೂಡುತ್ತಿದ್ದರು. ಅಳಿಯನಿಂದ ಸಂದೇಶ ಬಂತು: ‘ವಿಡಿಯೋ ತೆಗಿ. ಆ ಹೆಂಗಸಿನ ಕಾಮೆಂಟೂ ತೆಗಿ. ತೆಗೆದರೆ ನಿನ್ನ ಪತ್ರಕ್ಕೆ ಇವತ್ತೇ ಸಹಿ.’

ಪೇಜಮ್ಮ ಆ ಸಂದೇಶವನ್ನು ಎರಡು ಸಲ ಓದಿದಳು. ಚಿಲಕ ಕಣ್ಣ ಮುಂದೆ ಬಂತು. ತೆಗೆದರೆ ‘ಅಳಿಸಿಹಾಕಿದರು’ ಎಂಬ ಹೊಸ ವಿಡಿಯೋ ಬಚ್ಚಲಿನಿಂದ ಬರುತ್ತದೆ, ಅದಕ್ಕೂ ತಾನೇ ಉತ್ತರ ಬರೆಯಬೇಕು, ಅದನ್ನೂ ತೆಗೆಯಬೇಕು. ಚಿಲಕ ಹಾಕಿದ ಕೋಣೆಯೊಳಗೆ ಕೂತು ಜೀವಮಾನವಿಡೀ ಅದನ್ನೇ ಮಾಡುತ್ತಿರಬೇಕು. ಬೆರಳು ಅಳಿಸುವ ಗುಂಡಿಯ ಹತ್ತಿರ ಹೋಯಿತು, ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಹೆಂಗಸಿನ ಪ್ರಶ್ನೆಯ ಕೆಳಗೆ ಕಂಪನಿಯ ಹೆಸರಿನಲ್ಲೇ ಬರೆದಳು:

‘ಹೆದರಿ ಮಾಡಿದೆವು. ಅದು ನಮ್ಮ ತಪ್ಪು. ಪೇಸ್ಟು ಮೊದಲಿನದೇ, ಈಗಿನದೂ ಅದೇ. ಹಸಿರು ಗುರುತು ಯಂತ್ರಕ್ಕೆ ಕಾಣದೆ ಹೆಸರು ಓರೆಯಾಗಿದೆ. ಬೇಡವಾದರೆ ಅಂಗಡಿಯಲ್ಲಿ ಬದಲಾಯಿಸಿಕೊಳ್ಳಿ. ಕಪ್ಪು ಗುರುತಿನ ಟ್ಯೂಬು ಮತ್ತೆ ಬರುತ್ತದೆ.’

ಒಂದು ಗಂಟೆಯೊಳಗೆ ಯಜಮಾನರ ಕೋಣೆಗೆ ಕರೆ ಬಂತು. ಯಜಮಾನರ ಮುಖ ಕೆಂಪಾಗಿತ್ತು. ಅಳಿಯ ಕುರ್ಚಿ ತಿರುಗಿಸದೆ ಕೂತಿದ್ದ, ಅದು ಇನ್ನೂ ಕೆಟ್ಟ ಲಕ್ಷಣ.

"ಹೆದರಿದೆವು ಅಂತ ಬರಿಯೋಕೆ ನೀನ್ಯಾರು?" ಎಂದ ಅಳಿಯ.

"ಉತ್ತರ ಬರಿಯೋಳು ಸರ್. ಅದಕ್ಕೇ ಇಟ್ಕೊಂಡಿರೋದು ನನ್ನ."

"ಬದಲಾಯಿಸಿ ಕೊಡ್ತೀವಿ ಅಂತ ಬೇರೆ! ಯಾರನ್ನ ಕೇಳಿ?"

"ಮಾಲು ವಾಪಸ್ಸು ಹೇಗೂ ಬರ್ತಿದೆ ಸರ್. ನಾವೇ ಕರೆದ್ರೆ ಮರ್ಯಾದೆಯಾಗಿ ಬರುತ್ತೆ."

"ಮಾವ, ಇವತ್ತೇ ಕಳಿಸ್ಬಿಡಿ ಇವಳನ್ನ. ಅದೇನು ಬರೆದಿದ್ದಾಳೋ ಅದು ಕಂಪನಿಯ ಮಾತಲ್ಲ ಅಂತ ನಾನೇ ಒಂದು ಪೋಸ್ಟರ್..."

ಯಜಮಾನರು ಗಂಟಲು ಸರಿಪಡಿಸಿಕೊಂಡರು. "ನೋಡಮ್ಮ, ನಿನ್ನ ಲೆಕ್ಕ ಚುಕ್ತಾ ಮಾಡಿಸ್ತೀನಿ..."

ಅಷ್ಟರಲ್ಲಿ ಅವರ ಫೋನು ಟಿಣ್ ಎಂದಿತು. ಅಳಿಯನದೂ ಟಿಣ್ ಎಂದಿತು. ಮನೆತನದ ಗ್ರೂಪಿನ ಸದ್ದು ಇಬ್ಬರಿಗೂ ಬೇರೆಯಾಗಿ ಗೊತ್ತು. ಇಬ್ಬರೂ ನೋಡಿದರು.

ಯಾರೋ ಯಂತ್ರದ ವಿಡಿಯೋ ಜೊತೆಗೆ ಪೇಜಮ್ಮನ ಉತ್ತರದ ಚಿತ್ರ ಸೇರಿಸಿ, ಹಿಂದೊಂದು ಕೊಳಲಿನ ಸಂಗೀತ ಹಾಕಿ, ಮೇಲೆ ‘ತಪ್ಪು ಒಪ್ಪಿಕೊಳ್ಳುವವರೇ ದೊಡ್ಡವರು’ ಎಂದು ಬರೆದು ಲೋಕಕ್ಕೆ ಬಿಟ್ಟಿದ್ದರು. ಅದು ಎಲ್ಲೆಲ್ಲಿ ಸುತ್ತಿ ಬಂತೋ, ದೊಡ್ಡಕ್ಕನ ಫೋನಿಗೆ ಬಂದಿತ್ತು. ದೊಡ್ಡಕ್ಕ ಕನ್ನಡಕವಿಲ್ಲದೆಯೇ ಎಲ್ಲರಿಗೂ ಕಳಿಸಿದ್ದರು. ಕೆಳಗೆ ತಮ್ಮ ಮಾತು: ‘ಪ್ರಾಮಾಣಿಕತೆ ಅಂದರೆ ಇದು. ಈ ಕಂಪನಿಯವರನ್ನು ನೋಡಿ ನಮ್ಮವರೂ ಕಲಿಯಬೇಕು.’



"ದೊಡ್ಡತ್ತೆಗೆ ಇದು ನಮ್ಮದೇ ಕಂಪನಿ ಅಂತ..." ಅಳಿಯ ಶುರು ಮಾಡಿದ.

"ನೀನು ಹೇಳ್ತೀಯಾ?" ಎಂದರು ಯಜಮಾನರು.

ಯಜಮಾನರು ಹೆಬ್ಬೆರಳು ಎತ್ತಿ ಕೈಮುಗಿಯುವ ಚಿತ್ರ ಒತ್ತಿದರು. ಅಳಿಯ ಸ್ವಲ್ಪ ತಡೆದು, ತಾನೂ ಒತ್ತಿದ. ಟಿಣ್, ಟಿಣ್, ಟಿಣ್ ಎಂದು ಮನೆಮಂದಿಯೆಲ್ಲ ಕೈಮುಗಿಯುತ್ತ ಬಂದರು. ಮುಗಿದ ಕೈ ಬಿಚ್ಚಿ ಪೇಜಮ್ಮನನ್ನು ಕೆಲಸದಿಂದ ತೆಗೆಯುವುದು ಈಗ ಯಾರಿಗೂ ಸಾಧ್ಯವಿರಲಿಲ್ಲ. ದೊಡ್ಡಕ್ಕ ಕಳಿಸಿದ್ದು ತಪ್ಪು ಎಂದಂತಾಗುತ್ತಿತ್ತು, ಮತ್ತೆ ಸಹಿ ಮುಂದಿನ ತಿಂಗಳೇ ಇತ್ತು.

"ಆ ಪತ್ರ ಎಲ್ಲಿ ಅಳಿಯಂದ್ರೆ?" ಎಂದರು ಯಜಮಾನರು.

ಅಳಿಯ ಖಾನೆಯಿಂದ ತಂದು, ಓದದೆ, ಸಹಿ ಹಾಕಿ, ಪೇಜಮ್ಮನ ಮುಖ ನೋಡದೆ ಕೊಟ್ಟ. ಸಂಜೆಗೆ ಅವನು ವಿತರಕರ ಸಭೆಯಲ್ಲಿ ‘ಪ್ರಾಮಾಣಿಕ ಉತ್ತರ’ ಎನ್ನುವುದು ತನ್ನ ಹೊಸ ಮಾರಾಟ ತಂತ್ರವೆಂದು ವಿವರಿಸಿದನಂತೆ.

ಪೇಜಮ್ಮ ಕೋಣೆಯ ಮುಂಗಡ ಕೊಟ್ಟು ಬಂದಳು. ಅತ್ತಿಗೆ ಬೀಳ್ಕೊಡುವಾಗ, "ನಿಮ್ಮ ಕಂಪನಿ ಬಹಳ ಪ್ರಾಮಾಣಿಕ ಅಂತೆ ಕಣೇ, ನಮ್ಮ ಗ್ರೂಪಲ್ಲಿ ಬಂದಿತ್ತು. ನಾಲ್ಕು ಪೇಸ್ಟು ತಂದುಕೊಡೇ, ಪುಕ್ಕಟೆ ಸಿಗುತ್ತಲ್ಲ" ಎಂದಳು. ಕ್ರೀಮು ಮಾತ್ರ ಬೇರೆ ಕಂಪನಿಯದು ಕೊಂಡಿದ್ದಳು, ನೀಲಿ ಚೌಕದ್ದು.

ಕಪ್ಪು ಗುರುತಿನ ಟ್ಯೂಬು ಯಂತ್ರಕ್ಕೆ ಮರಳಿ ಬಂದ ದಿನ, ಪೇಜಮ್ಮನ ಮೇಜಿನ ಫೋನು ಬಡಿಯಿತು. ಗಡಸು, ವಯಸ್ಸಾದ ಹೆಣ್ಣುದನಿ.

"ಪೇಜು ನೋಡೋಳು ನೀನೇನಾ? ನಾನು ದೊಡ್ಡಕ್ಕ."

ಪೇಜಮ್ಮ ಎದ್ದು ನಿಂತಳು. "ಹೇಳಿ ಅಮ್ಮ."

"ಮನೇಲಿ ಪೇಸ್ಟು ಮುಗಿದಿದೆ. ಆ ಕಪ್ಪು ಗುರುತಿಂದು ಕಳಿಸ್ಬೇಡ, ವಿಷ ಅಂತೆ. ಹಸಿರು ಗುರುತಿಂದು ಏನಾದ್ರೂ ಉಳಿದಿದ್ರೆ ನೋಡು."

ಪೇಜಮ್ಮ ಗಾಜಿನಾಚೆ ನೋಡಿದಳು. ಗೋಡೆಯ ಪಕ್ಕದಲ್ಲಿ, ವಾಪಸ್ಸು ಬಂದ ಓರೆ ಹೆಸರಿನ ಡಬ್ಬಿಗಳು ಸೂರಿನವರೆಗೆ ಪೇರಿಸಿಟ್ಟಿದ್ದವು. ಕಾಯಂ ಪತ್ರ ಈಗ ಅವಳ ಮೇಜಿನ ಖಾನೆಯಲ್ಲಿತ್ತು, ಖಾನೆಗೆ ಬೀಗವಿತ್ತು.

"ಅದು ಮಿಷಿನ್‌ಗೆ ಗುರುತು ಅಷ್ಟೇ ಅಮ್ಮ. ಯಾರೋ ಹೇಳಿದ್ದು ಸುಳ್ಳು. ಎರಡರಲ್ಲೂ ಪೇಸ್ಟು ಒಂದೇ" ಎಂದಳು.

ಗಾಜಿನಾಚೆ, ಪೇಜಮ್ಮ ಎದ್ದು ನಿಂತದ್ದರಿಂದಲೇ ಕರೆ ಅಕ್ಕನದೆಂದು ಊಹಿಸಿದ್ದ ಯಜಮಾನರು ಅವಳ ತುಟಿಗಳನ್ನೇ ನೋಡುತ್ತ, ಎದ್ದು ನಿಂತು, ಬೇಡ ಬೇಡ ಎಂದು ಎರಡೂ ಕೈ ಆಡಿಸುತ್ತಿದ್ದರು.

"ಸುಳ್ಳಾ?" ಎಂದರು ದೊಡ್ಡಕ್ಕ. "ಹಾಗಂತ ಯಾರೂ ಹೇಳ್ಲೇ ಇಲ್ಲವಲ್ಲೇ ನನಗೆ."